ಸೋರಿಯಾಸಿಸ್: ಮೊಣಕೈ ಮೊಣಕಾಲುಗಳ ದದ್ದು, ಕೀಲುಬೇನೆ ಮತ್ತು ಪ್ರಬಲ ಔಷಧಗಳ ನಿರ್ಣಯ

ಸೋರಿಯಾಸಿಸ್ ಎಂಬುದು ದೇಹದ ರೋಗರಕ್ಷಣಾ ವ್ಯವಸ್ಥೆಯು ತನ್ನ ಮೇರೆಯನ್ನು ಮೀರಿ ವರ್ತಿಸುವುದರಿಂದ ಹುಟ್ಟಿ, ಮುಖ್ಯವಾಗಿ ಚರ್ಮದಲ್ಲಿಯೂ, ಹಲವರಲ್ಲಿ ಉಗುರು ಮತ್ತು ಕೀಲುಗಳಲ್ಲಿಯೂ ಪ್ರಕಟಗೊಂಡು, ವರ್ಷಗಟ್ಟಲೆ ಏರುತ್ತ ಇಳಿಯುತ್ತ ಸಾಗುವ ದೀರ್ಘಕಾಲಿಕವಾದ ಉರಿಯೂತದ ವ್ಯಾಧಿ. ಇದು ಸ್ಪರ್ಶದಿಂದಾಗಲಿ, ಬಟ್ಟೆಬರೆ ಪಾತ್ರೆಗಳ ಮೂಲಕವಾಗಲಿ, ದಾಂಪತ್ಯದಿಂದಾಗಲಿ ಒಬ್ಬರಿಂದ ಮತ್ತೊಬ್ಬರಿಗೆ ಹರಡತಕ್ಕುದಲ್ಲ. ಆದರೆ ಇದಕ್ಕೆ ಒಳಗಾಗುವ ಪ್ರವೃತ್ತಿ ವಂಶಾನುಗತವಾಗಿ ಬರುವುದುಂಟು. ಇದರ ನಾನಾ ರೂಪಗಳಲ್ಲಿ ಅತ್ಯಂತ ಸಾಮಾನ್ಯವಾದುದು ಪ್ಲಾಕ್ ರೂಪ. ಮೊಣಕೈಗಳ ಹೊರಬದಿಯಲ್ಲಿಯೂ ಮೊಣಕಾಲುಗಳ ಮುಂಬದಿಯಲ್ಲಿಯೂ ದಪ್ಪನೆಯ, ಅಂಚು ಸ್ಪಷ್ಟವಾದ, ಬಿಳಿಯ ಹೊಟ್ಟು ಉದುರುವ ದದ್ದುಗಳಾಗಿ ಕಾಣಿಸಿಕೊಳ್ಳುವ ಆ ರೂಪವನ್ನೂ, ಅದರೊಡನೆ ಕೂಡಿಬರುವ ಕೀಲುಬೇನೆಯನ್ನೂ, ಲೇಪನಗಳನ್ನು ದಾಟಿ ಪ್ರಬಲ ಔಷಧಗಳ ಕಡೆಗೆ ವೈದ್ಯರು ತಿರುಗುವ ಸಂದರ್ಭವನ್ನೂ ಈ ಲೇಖನವು ವಿವರಿಸುತ್ತದೆ.

ಪಠ್ಯಪುಸ್ತಕಗಳು ಈ ದದ್ದನ್ನು ಸಾಮಾನ್ಯವಾಗಿ ಕೆಂಪೆಂದು ವರ್ಣಿಸುತ್ತವೆ. ಆದರೆ ಆ ವರ್ಣನೆ ಗೌರವರ್ಣದ ಜನರನ್ನು ನೋಡಿ ಬರೆದದ್ದು. ನಮ್ಮ ನಾಡಿನ ಶ್ಯಾಮಲ ಚರ್ಮದಲ್ಲಿ ಅದೇ ದದ್ದು ನೇರಳೆ ಛಾಯೆಯದಾಗಿ, ಕಡುಗಂದಾಗಿ, ಒಮ್ಮೊಮ್ಮೆ ಬೂದುಬಣ್ಣದ್ದಾಗಿ ತೋರುವುದರಿಂದ, ಕೆಂಪನ್ನೇ ಹುಡುಕುವ ಕಣ್ಣಿಗೆ ಅದು ತಪ್ಪಿಹೋಗುವುದು ಸಹಜ. ಬಣ್ಣಕ್ಕಿಂತ ನಂಬಲರ್ಹವಾದ ಲಕ್ಷಣಗಳೆಂದರೆ, ಎರಡೂ ಪಾರ್ಶ್ವಗಳಲ್ಲಿ ಸಮನಾಗಿ ಕಾಣಿಸಿಕೊಳ್ಳುವಿಕೆ, ಬೆರಳಿಗೆ ಉಬ್ಬಾಗಿ ತಗಲುವ ಅಂಚು, ಮತ್ತು ಪದರ ಪದರವಾಗಿ ಏಳುವ ಬೆಳ್ಳಿಬಣ್ಣದ ಹೊಟ್ಟು. ಆ ಹೊಟ್ಟನ್ನು ಕೊನೆಯ ಪದರದವರೆಗೂ ಕೆರೆದು ತೆಗೆದರೆ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ರಕ್ತಬಿಂದುಗಳು ಕಾಣುತ್ತವೆ. ಇದನ್ನು ಆಸ್ಟ್ರಿಯಾದ ಚರ್ಮವೈದ್ಯ ಔಸ್ಪಿಟ್ಸ್‌ನ ಹೆಸರಿನಿಂದ ಗುರುತಿಸುವುದು ವಾಡಿಕೆ. ರೋಗಿಯು ಮನೆಯಲ್ಲಿ ಹೀಗೆ ಕೆರೆದು ಪರೀಕ್ಷಿಸಿಕೊಳ್ಳುವುದು ಮಾತ್ರ ಸರ್ವಥಾ ಸಲ್ಲದು. ಅದಕ್ಕೆ ಕಾರಣವನ್ನು ಮುಂದೆ ಹೇಳಲಾಗುವುದು. ರೋಗ ಶಮನವಾದ ಮೇಲೆ ಆ ಸ್ಥಳದಲ್ಲಿ ಕೆಲವು ತಿಂಗಳ ಕಾಲ ಕಪ್ಪಾದ ಅಥವಾ ಮಾಸಲು ಬಿಳುಪಾದ ಕಲೆ ಉಳಿಯುವುದುಂಟು. ಚರ್ಮವು ನುಣುಪಾಗಿ, ಹೊಟ್ಟಿಲ್ಲದೆ, ಉಬ್ಬಿಲ್ಲದೆ ಇದ್ದರೆ ಆ ಕಲೆಯು ವ್ಯಾಧಿಯಲ್ಲ, ವ್ಯಾಧಿ ಬಿಟ್ಟುಹೋದ ಗುರುತು ಮಾತ್ರ. ಇದನ್ನು ತಿಳಿಯದೆ ವಾಸಿಯಾಗಿಲ್ಲವೆಂದು ಭಾವಿಸಿ ಪ್ರಬಲ ಲೇಪನವನ್ನು ತಿಂಗಳುಗಟ್ಟಲೆ ಉಜ್ಜುತ್ತ ಚರ್ಮವನ್ನು ತೆಳ್ಳಗೆ ಮಾಡಿಕೊಂಡವರು ಅನೇಕರು.

ಇತಿಹಾಸದ ಬಹುಭಾಗದಲ್ಲಿ ಈ ವ್ಯಾಧಿಯು ಕುಷ್ಠದ ನೆರಳಿನಲ್ಲಿಯೇ ಉಳಿದುಬಂದಿತು. ಆಯುರ್ವೇದದಲ್ಲಿ ಕುಷ್ಠವೆಂಬುದು ನಾನಾ ಚರ್ಮವ್ಯಾಧಿಗಳನ್ನು ಒಳಗೊಂಡ ವಿಶಾಲವಾದ ವರ್ಗ. ಯುರೋಪಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಹೊಟ್ಟುದುರುವ ವ್ಯಾಧಿಗಳಿಗೆ ಕುಷ್ಠದ ಹೆಸರೇ ಅಂಟಿಕೊಂಡಿತ್ತು. ಲಂಡನ್ನಿನ ರಾಬರ್ಟ್ ವಿಲನ್ ಇದರ ಲಕ್ಷಣಗಳನ್ನು ಕ್ರಮಬದ್ಧವಾಗಿ ವರ್ಣಿಸಿದನಾದರೂ, 1841ರಲ್ಲಿ ವಿಯೆನ್ನಾದ ಫರ್ಡಿನಂಡ್ ಫಾನ್ ಹೆಬ್ರಾ ಇದನ್ನು ಕುಷ್ಠದಿಂದ ಸಂಪೂರ್ಣವಾಗಿ ಬೇರ್ಪಡಿಸಿದ ಮೇಲೆಯೇ ಗೊಂದಲ ಹರಿಯಿತು. ಶಾಸ್ತ್ರದಲ್ಲಿ ಹರಿದ ಆ ಗೊಂದಲ ಜನಮನದಲ್ಲಿ ಇನ್ನೂ ಹರಿದಿಲ್ಲವೆಂಬುದನ್ನು, ತೋಳು ಮುಚ್ಚುವ ಅಂಗಿಯನ್ನು ಬೇಸಗೆಯಲ್ಲಿಯೂ ಬಿಡದೆ ತೊಡುವ ರೋಗಿಗಳು ಬಲ್ಲರು. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಕುಂದುವುದು ಸಾಮಾನ್ಯ. ಸೋರಿಯಾಸಿಸ್ ದದ್ದಿನಲ್ಲಿ ಅದು ಪೂರ್ಣವಾಗಿ ಉಳಿದಿರುತ್ತದೆ.

ದದ್ದು ಏಳುವ ಬಗೆ ಹೀಗೆ. ಆರೋಗ್ಯವಂತನ ಚರ್ಮದ ಹೊರಪದರದ ಕೋಶವೊಂದು ತಳದಲ್ಲಿ ಹುಟ್ಟಿ, ಪಕ್ವವಾಗುತ್ತ ಮೇಲಕ್ಕೆ ಸರಿದು ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ದದ್ದಿನಲ್ಲಿ ಈ ಪಯಣ ಮೂರರಿಂದ ಐದು ದಿನಗಳಲ್ಲಿ ಮುಗಿದುಹೋಗುವುದರಿಂದ, ಅಪಕ್ವವಾದ ಕೋಶಗಳು ಒಂದರ ಮೇಲೊಂದು ರಾಶಿಬಿದ್ದು ಹೊಟ್ಟಾಗುತ್ತವೆ. ಈ ಅವಸರಕ್ಕೆ ಪ್ರೇರಣೆ ಕೊಡುವವು ರೋಗರಕ್ಷಣಾ ಕೋಶಗಳು ಸ್ರವಿಸುವ ಸಂದೇಶದ್ರವ್ಯಗಳು; ಅವುಗಳಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಎಂಬ ಮೂರರ ಹೆಸರನ್ನು ಓದುಗರು ನೆನಪಿಡಬೇಕು, ಏಕೆಂದರೆ ಕೊನೆಗೆ ಹೇಳಲಿರುವ ಔಷಧಗಳು ಇವನ್ನೇ ತಡೆಯತಕ್ಕವು. ದದ್ದು ಮೊಣಕೈ ಮೊಣಕಾಲುಗಳನ್ನೇ ಆರಿಸಿಕೊಳ್ಳುವುದಕ್ಕೆ ಬಹುಶಃ ಆ ಸ್ಥಳಗಳ ಮೇಲೆ ಬೀಳುವ ನಿತ್ಯದ ಒತ್ತಡ ಮತ್ತು ಘರ್ಷಣೆಗಳು ಒಂದು ಕಾರಣ. ಈ ವ್ಯಾಧಿಯುಳ್ಳವನ ಚರ್ಮಕ್ಕೆ ಗಾಯವಾದರೆ, ಗೀರು ಬಿದ್ದರೆ, ಆ ಗೀರಿನುದ್ದಕ್ಕೂ ಹೊಸ ದದ್ದು ಏಳಬಲ್ಲದೆಂಬುದನ್ನು ಜರ್ಮನಿಯ ಹೈನ್ರಿಕ್ ಕೋಬ್ನರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ಮೇಜಿನ ಅಂಚಿಗೆ ಮೊಣಕೈಯೂರಿ ಲೆಕ್ಕ ಬರೆಯುವವರು, ಮಂಡಿಯೂರಿ ನೆಲ ಒರೆಸುವವರು, ಸ್ನಾನದಲ್ಲಿ ಹೊಟ್ಟನ್ನು ಕಲ್ಲಿನಿಂದ ಉಜ್ಜಿ ತೆಗೆಯುವವರು ತಿಳಿಯದೆಯೇ ಈ ಪ್ರಕ್ರಿಯೆಗೆ ಪುಷ್ಟಿ ಕೊಡುತ್ತಾರೆ. ಕೆರೆಯಬಾರದೆಂದು ಮೇಲೆ ಹೇಳಿದುದಕ್ಕೆ ಕಾರಣವಿದು.

ನಮ್ಮಲ್ಲಿ ಈ ದದ್ದನ್ನು ಹುಳುಕಡ್ಡಿಯೆಂದೂ ಗಜಕರ್ಣವೆಂದೂ ತಪ್ಪಾಗಿ ಗ್ರಹಿಸಿ, ಔಷಧದ ಅಂಗಡಿಯಿಂದ ಕೇಳಿ ತಂದ ಟ್ಯೂಬನ್ನು ಹಚ್ಚುವುದು ಬಹಳ ಬಳಕೆಯಲ್ಲಿದೆ. ಹುಳುಕಡ್ಡಿಯು ಶಿಲೀಂಧ್ರದಿಂದ ಬರುವ ಸೋಂಕು. ಅದು ಉಂಗುರದಂತೆ ಅಂಚಿನಲ್ಲಿ ಹರಡುತ್ತ ನಡುವೆ ತಿಳಿಯಾಗುತ್ತದೆ, ತೊಡೆಸಂದು ಸೊಂಟಗಳಂತಹ ಬೆವರುವ ಜಾಗಗಳನ್ನು ಬಯಸುತ್ತದೆ, ಒಂದು ಪಾರ್ಶ್ವದಲ್ಲಿ ಮಾತ್ರ ಇರುವುದೂ ಉಂಟು. ಸೋರಿಯಾಸಿಸ್ ದದ್ದು ಅಂಚಿನಿಂದ ನಡುವಿನವರೆಗೆ ಒಂದೇ ಸಮನೆ ದಪ್ಪವಾಗಿರುತ್ತದೆ. ಸಂದೇಹವಿದ್ದಲ್ಲಿ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರೆ ಶಿಲೀಂಧ್ರದ ಎಳೆಗಳು ಇವೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಅಂಗಡಿಯಲ್ಲಿ ಕೊಡುವ ಟ್ಯೂಬುಗಳಲ್ಲಿ ಅನೇಕವು ಶಿಲೀಂಧ್ರನಾಶಕ, ಜೀವಿರೋಧಕ ಹಾಗೂ ಕ್ಲೋಬೆಟಸಾಲ್‌ನಂತಹ ಅತಿಪ್ರಬಲ ಸ್ಟೀರಾಯ್ಡ್ ಇವುಗಳ ಮಿಶ್ರಣವಾಗಿರುವುದರಿಂದ, ಯಾವ ರೋಗವಾದರೂ ಕೆಲವು ದಿನ ಅಡಗಿದಂತೆ ತೋರಿ, ರೋಗನಿರ್ಣಯವೇ ಕೆಟ್ಟುಹೋಗುತ್ತದೆ. ಅದೇ ಕ್ಲೋಬೆಟಸಾಲ್ ವೈದ್ಯನ ಕೈಯಲ್ಲಿ ಮೊಣಕೈಯ ದದ್ದಿಗೆ ಒಳ್ಳೆಯ ಔಷಧವೇ ಹೌದು: ಅಲ್ಲಿನ ಚರ್ಮ ದಪ್ಪವಾದುದರಿಂದ ಸೌಮ್ಯವಾದ ಲೇಪನಗಳು ನಾಟುವುದಿಲ್ಲ, ಎರಡರಿಂದ ನಾಲ್ಕು ವಾರ ಅದನ್ನು ತೆಳುವಾಗಿ ಹಚ್ಚಿ, ಬಳಿಕ ಕ್ಯಾಲ್ಸಿಪೋಟ್ರಿಯಾಲ್ ಎಂಬ ವಿಟಮಿನ್ ಡಿ ಸಂಬಂಧದ ಲೇಪನಕ್ಕೆ ಬದಲಾಯಿಸುವುದು ಅಥವಾ ಎರಡನ್ನೂ ಕೂಡಿಸಿ ಬಳಸುವುದು ರೂಢಿಯ ಕ್ರಮ. ಹೊಟ್ಟು ತೀರ ದಪ್ಪವಿದ್ದರೆ ಮೊದಲು ಸ್ಯಾಲಿಸಿಲಿಕ್ ಆಮ್ಲದ ಮುಲಾಮಿನಿಂದ ಅದನ್ನು ಸಡಿಲಿಸುತ್ತಾರೆ. ಇಲ್ಲವಾದರೆ ಹಚ್ಚಿದ ಔಷಧವು ಹೊಟ್ಟಿನ ಮೇಲೆಯೇ ಉಳಿದುಬಿಡುತ್ತದೆ.

ಇಲ್ಲಿಯವರೆಗಿನದು ಚರ್ಮದ ಮಾತು. ಚರ್ಮವೈದ್ಯರ ಬಳಿಗೆ ಬರುವ ಸೋರಿಯಾಸಿಸ್ ರೋಗಿಗಳಲ್ಲಿ ಶೇಕಡ 30ರವರೆಗೆ ಕೀಲಿನ ಉರಿಯೂತವೂ ಒದಗಬಹುದು. ಬಹುಮಂದಿಯಲ್ಲಿ ಚರ್ಮದ ವ್ಯಾಧಿ ಮೊದಲು ಬಂದು, ಹಲವು ವರ್ಷಗಳ, ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸಿನ, ಅಂತರದ ಮೇಲೆ ಕೀಲು ನೋಯತೊಡಗುತ್ತದೆ. ಅಷ್ಟು ಹೊತ್ತಿಗೆ ರೋಗಿಯು ದದ್ದಿಗೆ ಒಗ್ಗಿಹೋಗಿರುವುದರಿಂದ, ಎರಡಕ್ಕೂ ಸಂಬಂಧವಿದೆಯೆಂಬ ಕಲ್ಪನೆಯೇ ಅವನಿಗೆ ಬರುವುದಿಲ್ಲ. ಅವನು ಚರ್ಮವನ್ನು ಒಬ್ಬ ವೈದ್ಯರಿಗೂ ಮಂಡಿಯನ್ನು ಮೂಳೆಯ ವೈದ್ಯರಿಗೂ ಹಿಮ್ಮಡಿಯನ್ನು ಇನ್ನೊಬ್ಬರಿಗೂ ತೋರಿಸುತ್ತಾನೆ, ಮೂವರೂ ತಮ್ಮ ತಮ್ಮ ಭಾಗಕ್ಕೆ ಔಷಧ ಬರೆದು ಕಳುಹಿಸುತ್ತಾರೆ, ವಿಳಂಬವಾಗುವುದು ಹೀಗೆ. ರೋಗಲಕ್ಷಣ ಆರಂಭವಾದ ಮೇಲಿನ ಆರು ತಿಂಗಳ ವಿಳಂಬವೂ ಮುಂದೆ ಮೂಳೆಯ ಸವೆತಕ್ಕೂ ಅಂಗವೈಕಲ್ಯಕ್ಕೂ ದಾರಿಮಾಡುವುದೆಂದು ಕಂಡುಬಂದಿರುವುದರಿಂದ, ಈ ಸಂಬಂಧವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ.

ಸ್ನಾಯುರಜ್ಜುವು ಮೂಳೆಗೆ ಬಂದು ಬೆಸೆದುಕೊಳ್ಳುವ ಸ್ಥಾನವನ್ನು ವೈದ್ಯರು ಎಂಥೆಸಿಸ್ ಎನ್ನುತ್ತಾರೆ. ರೂಮಟಾಯ್ಡ್ ಸಂಧಿವಾತ ಕೀಲಿನ ಒಳಪೊರೆಯಲ್ಲಿ ಹುಟ್ಟುವುದಾದರೆ, ಸೋರಿಯಾಸಿಸ್‌ನ ಸಂಧಿವಾತವು ಬಹುಸಂದರ್ಭಗಳಲ್ಲಿ ಈ ಬೆಸುಗೆಯ ಸ್ಥಾನದಲ್ಲಿ ಮೊದಲಾಗುವುದೆಂದು ಈಗಿನ ಅನೇಕ ಸಂಶೋಧಕರ ಅಭಿಪ್ರಾಯ. ಹಿಮ್ಮಡಿಯ ಹಿಂದೆ ದೊಡ್ಡ ಸ್ನಾಯುರಜ್ಜು ಸೇರುವಲ್ಲಿ ಮತ್ತು ಅಂಗಾಲಿನ ಪಟ್ಟಿಯು ಹಿಮ್ಮಡಿಗೆ ಅಂಟುವಲ್ಲಿ ಬೆಳಗಿನ ಮೊದಲ ಹೆಜ್ಜೆಗೇ ನೋವಾಗುವುದು ಈ ಕಾರಣದಿಂದ. ಉಗುರಿನ ಸಂಬಂಧವೂ ಇಲ್ಲಿಯೇ ಅಡಗಿದೆ: ಬೆರಳಿನ ತುದಿಗೀಲಿನ ಸ್ನಾಯುರಜ್ಜುವಿನ ಎಳೆಗಳು ಮುಂದುವರಿದು ಉಗುರಿನ ಬುಡವನ್ನೇ ಆವರಿಸಿರುವುದರಿಂದ, ಅಲ್ಲಿಯ ಉರಿಯೂತ ಉಗುರಿಗೂ ಮುಟ್ಟುತ್ತದೆ. ಆದುದರಿಂದ ಉಗುರಿನ ಮೇಲೆ ಸಣ್ಣ ಗುಳಿಗಳು ಬಿದ್ದಿದ್ದರೆ, ಉಗುರು ತನ್ನ ಹಾಸಿನಿಂದ ಬಿಟ್ಟುಕೊಂಡಿದ್ದರೆ, ಅಡಿಯಲ್ಲಿ ಹಳದಿಮಿಶ್ರಿತ ಕಂದು ಕಲೆಗಳಿದ್ದರೆ, ಅಂತಹ ರೋಗಿಯ ಕೀಲುಗಳ ಮೇಲೆ ವೈದ್ಯರು ವಿಶೇಷವಾಗಿ ಕಣ್ಣಿಡಬೇಕಾಗುತ್ತದೆ. ತಲೆಯ ಚರ್ಮದಲ್ಲಿಯೂ ಪೃಷ್ಠದ ಸೀಳಿನಲ್ಲಿಯೂ ದದ್ದಿರುವವರಿಗೆ ಸಹ ಕೀಲಿನ ಅಪಾಯ ಅಧಿಕ. ಮೈಮೇಲಿನ ದದ್ದು ಎಷ್ಟು ಹರಡಿದೆಯೆಂಬುದಕ್ಕಿಂತ ಎಲ್ಲಿದೆಯೆಂಬುದು ಇಲ್ಲಿ ಹೆಚ್ಚು ಹೇಳುತ್ತದೆ.

ಕೀಲಿನ ಉರಿಯೂತವನ್ನು ವಯಸ್ಸಿನ ಸವೆತದಿಂದ ಬೇರ್ಪಡಿಸುವುದು ಕಷ್ಟವಲ್ಲ. ಸವೆದ ಮಂಡಿಯು ನಡೆದಷ್ಟೂ ನೋಯುತ್ತದೆ, ಕುಳಿತರೆ ಸಮಾಧಾನವಾಗುತ್ತದೆ, ಬೆಳಗಿನ ಬಿಗಿತ ಕೆಲವೇ ನಿಮಿಷಗಳಲ್ಲಿ ಸಡಿಲುತ್ತದೆ. ಉರಿಯೂತದ ಕೀಲಾದರೋ ವಿಶ್ರಾಂತಿಯಿಂದ ಬಿಗಿಯುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮಿಕ್ಕಿ ಬಿಗಿತವಿದ್ದು, ಕೈಕಾಲು ಆಡಿಸಿದಂತೆಲ್ಲ ಕಡಮೆಯಾಗುತ್ತದೆ. ಒಂದು ಬೆರಳು ಬುಡದಿಂದ ತುದಿಯವರೆಗೆ ಇಡಿಯಾಗಿ ಊದಿಕೊಳ್ಳುವುದು ಈ ವ್ಯಾಧಿಯ ವಿಶಿಷ್ಟ ಚಿಹ್ನೆ. ಕೆಳಬೆನ್ನಿನ ನೋವು ರಾತ್ರಿಯ ಉತ್ತರಾರ್ಧದಲ್ಲಿ ನಿದ್ರೆ ಕೆಡಿಸುವುದಾದರೆ ಅದನ್ನೂ ಕೇಳಿ ತಿಳಿಯಬೇಕು. ಕರ್ನಾಟಕದಲ್ಲಿ 2006ರ ಚಿಕೂನ್‌ಗುನ್ಯಾ ಹಾವಳಿಯ ತರುವಾಯ ತಿಂಗಳುಗಟ್ಟಲೆ ಕೀಲು ನೋಯುವುದನ್ನು ಕಂಡ ಜನರಿಗೆ, ಯಾವ ಕೀಲುಬೇನೆಯನ್ನಾದರೂ ಹಳೆಯ ಜ್ವರದ ಶೇಷವೆಂದು ತಳ್ಳಿಹಾಕುವ ಅಭ್ಯಾಸವಿದೆ. ಮೊಣಕೈಯಲ್ಲಿ ದದ್ದಿರುವವನ ಮಟ್ಟಿಗೆ ಈ ಅಭ್ಯಾಸ ಹಾನಿಕರ. ರಕ್ತಪರೀಕ್ಷೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು: ರೂಮಟಾಯ್ಡ್ ಫ್ಯಾಕ್ಟರ್ ಎಂಬ ಪರೀಕ್ಷೆ ಇಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ಇಎಸ್‌ಆರ್ ಸಹ ಸಹಜವಾಗಿರಬಹುದು, ವರದಿ ಚೆನ್ನಾಗಿದೆಯೆಂಬ ಮಾತ್ರಕ್ಕೆ ಸಂಧಿವಾತ ಇಲ್ಲವೆಂದು ತೀರ್ಮಾನಿಸಲಾಗದು.

ಈ ಸಂಗತಿಗಳು ಒಂದೇ ದೇಹದಲ್ಲಿ ಕೂಡುವ ಬಗೆಯನ್ನು ತೋರಿಸಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ನಲವತ್ತೆರಡು ವರ್ಷದ ಒಬ್ಬ ದರ್ಜಿ. ಒಂಬತ್ತು ವರ್ಷಗಳಿಂದ ಎರಡು ಮೊಣಕೈ, ಎರಡು ಮೊಣಕಾಲುಗಳ ಮೇಲೆ ದದ್ದು. ಪ್ರತಿಯೊಂದೂ ಅವನ ಅಂಗೈಗಿಂತ ದೊಡ್ಡದಲ್ಲ. ಬದನೆಕಾಯಿ ಮೀನುಗಳನ್ನು ನಂಜೆಂದು ಬಿಟ್ಟು ನೋಡಿದ್ದಾನೆ, ವ್ಯತ್ಯಾಸವಾಗಿಲ್ಲ. ಕಳೆದ ಐದು ತಿಂಗಳಿಂದ ಬಲಗೈ ತೋರುಬೆರಳಿನ ತುದಿಗೀಲು ಊದಿ, ಕತ್ತರಿ ಹಿಡಿಯಲು ಬೆಳಗ್ಗೆ ಒಂದು ಗಂಟೆ ಕಾಯಬೇಕಾಗಿದೆ. ಎಡಗಾಲಿನ ಒಂದು ಬೆರಳು ಇಡಿಯಾಗಿ ಊದಿದೆ. ಹೊಲಿಗೆಯಂತ್ರ ತುಳಿಯುವಾಗ ಹಿಮ್ಮಡಿ ನೋಯುತ್ತದೆ. ಉಗುರುಗಳಲ್ಲಿ ಗುಳಿಗಳಿವೆ. ರೂಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್. 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಕೀಲು, ಬೆನ್ನೆಲುಬು ಅಥವಾ ಎಂಥೆಸಿಸ್‌ನಲ್ಲಿ ಉರಿಯೂತವಿರುವವನಿಗೆ ಮೂರು ಅಂಕ ಬಂದರೆ ಸೋರಿಯಾಸಿಸ್ ಸಂಧಿವಾತವೆಂದು ವರ್ಗೀಕರಿಸಬಹುದು. ಇವನಿಗೆ ಸದ್ಯದ ಚರ್ಮರೋಗಕ್ಕೆ ಎರಡು, ಉಗುರಿಗೆ ಒಂದು, ಊದಿದ ಬೆರಳಿಗೆ ಒಂದು, ರಕ್ತಪರೀಕ್ಷೆಗೆ ಒಂದು, ಒಟ್ಟು ಐದು.

ಪ್ರಬಲ ಔಷಧದ ಪ್ರಶ್ನೆ ಈಗ ಏಳುತ್ತದೆ. ಚರ್ಮದ ವ್ಯಾಪ್ತಿಯನ್ನು ಅಳೆಯಲು ವೈದ್ಯರು ರೋಗಿಯ ಅಂಗೈಯನ್ನೇ, ಬೆರಳುಗಳನ್ನೂ ಸೇರಿಸಿ, ಸುಮಾರು ಶೇಕಡ ಒಂದೆಂದು ಎಣಿಸುತ್ತಾರೆ. ವ್ಯಾಪ್ತಿ ಶೇಕಡ ಹತ್ತನ್ನು ಮೀರಿದರೆ ಲೇಪನಗಳನ್ನು ದಾಟಿ ದೇಹವನ್ನೆಲ್ಲ ಮುಟ್ಟುವ ಔಷಧವನ್ನು ಯೋಚಿಸುವುದು ಬಹುಕಾಲದ ನಿಯಮ. ನಮ್ಮ ದರ್ಜಿಯ ವ್ಯಾಪ್ತಿ ಶೇಕಡ ನಾಲ್ಕನ್ನು ಮೀರದು. ಅಳತೆಯನ್ನೇ ನೆಚ್ಚಿದರೆ ಅವನಿಗೆ ಮುಲಾಮಿನ ಟ್ಯೂಬಷ್ಟೇ ದಕ್ಕುತ್ತದೆ. ಆದರೆ ವ್ಯಾಪ್ತಿ ಅಲ್ಪವಿದ್ದರೂ ತಲೆ, ಅಂಗೈ, ಅಂಗಾಲು, ಉಗುರು, ಗುಹ್ಯಭಾಗಗಳು ತುತ್ತಾಗಿದ್ದರೆ, ಲೇಪನಗಳು ವಿಫಲವಾಗಿದ್ದರೆ, ಜೀವನ ದುರ್ಭರವಾಗಿದ್ದರೆ, ಪ್ರಬಲ ಔಷಧಕ್ಕೆ ರೋಗಿಯು ಅರ್ಹನೆಂದು ಈಗ ತಜ್ಞರು ಒಪ್ಪುತ್ತಾರೆ. ಮತ್ತು ಕೀಲಿನ ಉರಿಯೂತವು ಇವೆಲ್ಲಕ್ಕೂ ಮಿಗಿಲಾದ ಕಾರಣ. ಚರ್ಮಕ್ಕೆ ಹಚ್ಚಿದ ಯಾವ ಮುಲಾಮೂ ಕೀಲನ್ನು ಮುಟ್ಟದು. 311 ನ್ಯಾನೋಮೀಟರಿನ ನೇರಳಾತೀತ ಕಿರಣದ ಚಿಕಿತ್ಸೆ ಚರ್ಮಕ್ಕೆ ಉತ್ತಮವಾದರೂ ಕೀಲಿಗೆ ನಿಷ್ಪ್ರಯೋಜಕ. ಚರ್ಮ ವಾಸಿಯಾದರೆ ಶಾಶ್ವತವಾದ ಗುರುತು ಉಳಿಯುವುದಿಲ್ಲ, ಕೀಲು ಸವೆದರೆ ಮರಳಿ ಬರುವುದಿಲ್ಲ. ಈ ಅಸಮತೆಯೇ ನಿರ್ಣಯವನ್ನು ಕೀಲಿನ ಕಡೆಗೆ ವಾಲಿಸತಕ್ಕುದು.

ನಮ್ಮ ದೇಶದಲ್ಲಿ ಇಂತಹ ರೋಗಿಗೆ ಮೊದಲು ಕೊಡುವ ಪ್ರಬಲ ಔಷಧ ಬಹುಪಾಲು ಮೆಥೊಟ್ರೆಕ್ಸೇಟ್. ಇದರ ಚರಿತ್ರೆಯಲ್ಲಿ ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ಸೇರಿದೆ. ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ನೇತೃತ್ವದ ತಂಡವೇ ಅಮಿನಾಪ್ಟೆರಿನ್ನನ್ನೂ ಮೆಥೊಟ್ರೆಕ್ಸೇಟನ್ನೂ ರಕ್ತಕ್ಯಾನ್ಸರಿನ ಚಿಕಿತ್ಸೆಗೆ ಒದಗಿಸಿತು. 1951ರಲ್ಲಿ ಗಬ್ನರ್ ಎಂಬ ಅಮೆರಿಕದ ವೈದ್ಯನು ಸಂಧಿವಾತಕ್ಕೆಂದು ಅಮಿನಾಪ್ಟೆರಿನ್ ಕೊಟ್ಟಾಗ ರೋಗಿಯ ಸೋರಿಯಾಸಿಸ್ ದದ್ದುಗಳೂ ಮಾಯವಾದುದನ್ನು ಗಮನಿಸಿದನು. ಚರ್ಮ ಕೀಲುಗಳ ನಂಟು ಈ ಔಷಧದ ಜನ್ಮದಲ್ಲಿಯೇ ಇದೆ. ದರ್ಜಿಗೆ ವೈದ್ಯರು ರಕ್ತಕಣಗಳ ಎಣಿಕೆ, ಯಕೃತ್ತು ಮೂತ್ರಪಿಂಡಗಳ ಪರೀಕ್ಷೆ, ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ, ವಾರಕ್ಕೊಮ್ಮೆ 10 ಮಿಲಿಗ್ರಾಂನಿಂದ ಆರಂಭಿಸಿ 15ಕ್ಕೆ ಏರಿಸುತ್ತಾರೆ. ಬೇರೊಂದು ದಿನ ಫೋಲಿಕ್ ಆಮ್ಲದ ಮಾತ್ರೆ. ವಾರಕ್ಕೊಮ್ಮೆ ಎಂಬುದನ್ನು ದಿನಕ್ಕೊಮ್ಮೆ ಎಂದು ತಪ್ಪಾಗಿ ತಿಳಿದು ನುಂಗಿದವರ ಮೂಳೆಮಜ್ಜೆ ಕುಸಿದು, ಬಾಯಿ ಹುಣ್ಣಾಗಿ, ಜ್ವರ ಬಂದು ಪ್ರಾಣಹಾನಿಯಾದ ಪ್ರಸಂಗಗಳಿವೆ. ಆದಕಾರಣ ವಾರದ ಯಾವ ದಿನವೆಂಬುದನ್ನು ಚೀಟಿಯ ಮೇಲೆ ಹೆಸರಿಟ್ಟು ಬರೆಸಿಕೊಳ್ಳಬೇಕು. ಮದ್ಯವನ್ನು ಬಿಡಬೇಕು. ಔಷಧವು ನಿಧಾನವಾಗಿ ಫಲಿಸುವುದರಿಂದ ಮೂರು ತಿಂಗಳಾದರೂ ಕಾಯದೆ ತೀರ್ಪು ಹೇಳಲಾಗದು.

ಮೂರು ತಿಂಗಳಲ್ಲಿ ದರ್ಜಿಯ ಮೊಣಕೈಗಳು ನುಣುಪಾದುವು, ತೋರುಬೆರಳಿನ ಊತ ಇಳಿಯಿತು. ಹಿಮ್ಮಡಿ ಮಾತ್ರ ಮೊದಲಿನಂತೆಯೇ ಉಳಿಯಿತೆಂದಿಟ್ಟುಕೊಳ್ಳೋಣ. ಇದು ಅನಿರೀಕ್ಷಿತವಲ್ಲ, ಎಂಥೆಸಿಸ್‌ನ ಮೇಲೂ ಬೆನ್ನೆಲುಬಿನ ಮೇಲೂ ಮೆಥೊಟ್ರೆಕ್ಸೇಟಿನ ಪ್ರಭಾವ ಕ್ಷೀಣ. ಪ್ರಮಾಣವನ್ನು ಹೆಚ್ಚಿಸಿಯೂ ಫಲ ಕಾಣದಿದ್ದಾಗ ಬಯಾಲಜಿಕ್ ವರ್ಗದ ಚುಚ್ಚುಮದ್ದುಗಳ ಸರದಿ ಬರುತ್ತದೆ. ಅಡಾಲಿಮುಮ್ಯಾಬ್ ಟಿಎನ್‌ಎಫ್ ಅನ್ನೂ, ಸೆಕುಕಿನುಮ್ಯಾಬ್ ಇಂಟರ್‌ಲ್ಯೂಕಿನ್ 17ನ್ನೂ, ಗುಸೆಲ್ಕುಮ್ಯಾಬ್ ಇಂಟರ್‌ಲ್ಯೂಕಿನ್ 23ನ್ನೂ ತಡೆಯುತ್ತವೆ. ಬೆಂಗಳೂರಿನ ಬಯೋಕಾನ್ ಅಭಿವೃದ್ಧಿಪಡಿಸಿದ ಇಟೋಲಿಜುಮ್ಯಾಬ್‌ಗೆ ಭಾರತದಲ್ಲಿ 2013ರಲ್ಲಿ ಪ್ಲಾಕ್ ಸೋರಿಯಾಸಿಸ್‌ಗೆಂದು ಅನುಮತಿ ದೊರೆಯಿತು. ಅದು ಚರ್ಮಕ್ಕೆ ಸಂಬಂಧಿಸಿದ ಅನುಮತಿ. ಅಡಾಲಿಮುಮ್ಯಾಬ್‌ನ ಭಾರತೀಯ ಸಮಾನರೂಪಗಳು ಬಂದ ಮೇಲೆ ಬೆಲೆ ಇಳಿದಿದೆಯಾದರೂ, ಸಾಮಾನ್ಯ ಕುಟುಂಬಕ್ಕೆ ಅದು ಈಗಲೂ ಭಾರವೇ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ್ರತೆ ಕ್ಷಯದ್ದು. ನಮ್ಮ ದೇಶದಲ್ಲಿ ಅಸಂಖ್ಯಾತ ಜನರ ದೇಹದಲ್ಲಿ ಕ್ಷಯದ ಕ್ರಿಮಿ ಸುಪ್ತವಾಗಿ ಅಡಗಿರುತ್ತದೆ. ಅದನ್ನು ಸುತ್ತುವರಿದು ಬಂಧಿಸಿಟ್ಟಿರುವ ಕೋಶವ್ಯೂಹವನ್ನು ಕಾಪಾಡುವುದು ಟಿಎನ್‌ಎಫ್ ದ್ರವ್ಯವೇ. ಅದನ್ನು ತಡೆದೊಡನೆ ಬಂಧನ ಸಡಿಲಿ ರೋಗ ಎದ್ದೇಳಬಹುದು. ಆದುದರಿಂದ ಚುಚ್ಚುಮದ್ದಿಗೆ ಮೊದಲು ಮಾಂಟೂ ಅಥವಾ ಇಗ್ರಾ ಪರೀಕ್ಷೆ ಮತ್ತು ಹೊಸ ಎಕ್ಸ್‌ರೇ ಅವಶ್ಯಕ. ದರ್ಜಿಯ ಇಗ್ರಾ ಪಾಸಿಟಿವ್ ಬಂದು ಎಕ್ಸ್‌ರೇ ಸಹಜವಾಗಿದ್ದರೆ, ಸುಪ್ತಕ್ಷಯಕ್ಕೆ ಐಸೋನಿಯಾಜಿಡ್ ಆರಂಭಿಸಿ, ಸಾಮಾನ್ಯವಾಗಿ ಒಂದು ತಿಂಗಳ ಬಳಿಕವಷ್ಟೇ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಅಡಾಲಿಮುಮ್ಯಾಬ್ ಕೊಡುತ್ತಾರೆ. ಮೆಥೊಟ್ರೆಕ್ಸೇಟೂ ಐಸೋನಿಯಾಜಿಡೂ ಯಕೃತ್ತಿಗೆ ಭಾರವಾದುದರಿಂದ ರಕ್ತಪರೀಕ್ಷೆಯನ್ನು ಹೆಚ್ಚು ಬಾರಿ ಮಾಡಿಸುತ್ತಾರೆ. ಕ್ಷಯದ ಭಯ ಅಧಿಕವಿದ್ದಲ್ಲಿ ಇಂಟರ್‌ಲ್ಯೂಕಿನ್ 17ರ ಮಾರ್ಗವನ್ನು ಹಿಡಿಯುವುದೂ ಉಂಟು. ಕರುಳಿನ ಉರಿಯೂತದ ವ್ಯಾಧಿಯುಳ್ಳವರಿಗೆ ಮಾತ್ರ ಅದು ಹಿತವಲ್ಲ. ಚುಚ್ಚುಮದ್ದಿನ ಅವಧಿಯಲ್ಲಿ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಕಂಡರೆ ಮುಂದಿನ ಚುಚ್ಚುಮದ್ದನ್ನು ತಡೆಹಿಡಿದು ವೈದ್ಯರನ್ನು ಕಾಣತಕ್ಕುದು.

ಮಿಕ್ಕ ಔಷಧಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅಪ್ರೆಮಿಲಾಸ್ಟ್ ಮಾತ್ರೆಗೆ ಕ್ಷಯದ ಪರೀಕ್ಷೆಯ ಕಟ್ಟುಪಾಡಿಲ್ಲ, ಆದರೆ ಅದರ ಬಲ ಮಧ್ಯಮ, ಮೊದಲ ವಾರಗಳಲ್ಲಿ ಭೇದಿಯಾಗುವುದುಂಟು. ಸೈಕ್ಲೊಸ್ಪೋರಿನ್ ಶೀಘ್ರವಾಗಿ ಚರ್ಮವನ್ನು ಹದಕ್ಕೆ ತರುತ್ತದೆ, ರಕ್ತದೊತ್ತಡ ಮತ್ತು ಮೂತ್ರಪಿಂಡಗಳ ಕಾರಣದಿಂದ ದೀರ್ಘಕಾಲಕ್ಕೆ ಒಗ್ಗದು. ಅಸಿಟ್ರೆಟಿನ್ ಕೀಲಿಗೆ ಉಪಯೋಗವಿಲ್ಲ. ಸ್ಟೀರಾಯ್ಡ್ ಮಾತ್ರೆ ಮತ್ತು ಚುಚ್ಚುಮದ್ದುಗಳ ವಿಷಯ ಬೇರೆ: ಅವು ಒಂದೆರಡು ದಿನಗಳಲ್ಲೇ ಚರ್ಮವನ್ನೂ ಕೀಲನ್ನೂ ಬೆರಗಾಗುವಂತೆ ಶಮನಗೊಳಿಸಿ, ನಿಲ್ಲಿಸಿದ ಕೂಡಲೆ ಮೈಯೆಲ್ಲ ಕೆಂಪೇರಿ ಸುಲಿಯುವ ಅಥವಾ ಕೀವುಗುಳ್ಳೆ ಏಳುವ ಉಗ್ರರೂಪವನ್ನು ಬರಿಸಬಲ್ಲವು. ಹೆಸರಿಲ್ಲದ ಪುಡಿಗಳಲ್ಲಿಯೂ, ಮೂರೇ ದಿನದಲ್ಲಿ ಗುಣವಾಗುವ ಭರವಸೆಯೊಡನೆ ಕೊಡುವ ಮಾತ್ರೆಗಳಲ್ಲಿಯೂ ಸ್ಟೀರಾಯ್ಡ್ ಬೆರೆತಿರುವ ಸಂಭವವಿರುವುದರಿಂದ ಅವುಗಳಿಂದ ದೂರವಿರಬೇಕು.

ಮೆಥೊಟ್ರೆಕ್ಸೇಟ್ ಸೇವಿಸುತ್ತಿರುವ ಸ್ತ್ರೀಯರು ಗರ್ಭ ಧರಿಸಲು ಇಚ್ಛಿಸಿದರೆ ಕನಿಷ್ಠ ಮೂರು ತಿಂಗಳು ಮುಂಚೆಯೇ ಅದನ್ನು ನಿಲ್ಲಿಸಬೇಕಾಗುತ್ತದೆ. ಅಸಿಟ್ರೆಟಿನ್ ವಿಷಯದಲ್ಲಿ ಈ ಅವಧಿ ಮೂರು ವರ್ಷ. ಆದಕಾರಣ ವಿವಾಹವಾಗಲಿರುವ ಮತ್ತು ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳು ಸಂಕೋಚವನ್ನು ತೊರೆದು ಆ ಸಂಗತಿಯನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸಲಿ. ಜೊತೆಯಲ್ಲಿ ಬರುವ ಮನೆಯವರು ಅದಕ್ಕೆ ಅವಕಾಶ ಮಾಡಿಕೊಡಲಿ.